ತಪ್ಪು ಉತ್ತರಗಳ ಅಂತರದಿಂದ ಸರಿಯ ಕಡೆಗೆ

ಒಂದು ರೂಪಾಯಿಗೆ ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ. ಅದೂ ಕ್ಷಣಕ್ಷಣಕ್ಕೂ ಅಸಲಿಗೆ ಸೇರುತ್ತ ಹೋಗುವ ಬಡ್ಡಿ. ವರ್ಷ ತುಂಬಿದಾಗ ಎಷ್ಟಾಗುತ್ತದೆ? ಬೆಳೆಯುವ ವೇಗ ಆ ಹೊತ್ತಿನ ಮೊತ್ತಕ್ಕೆ ಸಮ, ಅಂದರೆ y' = y. ಈ ಅವಕಲ ಸಮೀಕರಣದ ಉತ್ತರ 2.718282 ಎಂದು ಮೊದಲೇ ಗೊತ್ತಿರುವುದರಿಂದ, ಲೆಕ್ಕದ ವಿಧಾನಕ್ಕೆ ಇದು ಒಳ್ಳೆಯ ಒರೆಗಲ್ಲು. ಹಲವು ಗ್ರಹಗಳು ಒಂದನ್ನೊಂದು ಸೆಳೆಯುವಂಥ ಕಡೆ ಹೀಗೆ ಸೂತ್ರ ಸಿಗುವುದಿಲ್ಲ, ಹೆಜ್ಜೆಹೆಜ್ಜೆಯಾಗಿಯೇ ಸಾಗಬೇಕು.

ಮಧ್ಯಬಿಂದು ನಿಯಮದಲ್ಲಿ ವರ್ಷವನ್ನು ಎರಡು ಹೆಜ್ಜೆಗಳಲ್ಲಿ ದಾಟೋಣ. ಆರಂಭದ ವೇಗ 1, ಆದ್ದರಿಂದ ಅರ್ಧ ವರ್ಷಕ್ಕೆ ಮೊತ್ತ 1.5. ಈಗ ಮತ್ತೆ ಆರಂಭದ 1ಕ್ಕೇ ಹಿಂತಿರುಗಿ, ನಡುವಿನ ವೇಗವಾದ 1.5ರಲ್ಲಿ ಇಡೀ ವರ್ಷ ನಡೆದರೆ 2.5. ಕೊನೆಯಲ್ಲಿ ಇನ್ನೊಂದು ಕೆಲಸವಿದೆ. ನಡುವಿನ 1.5ರಿಂದ, ಕೊನೆಯ ವೇಗ 2.5ರಲ್ಲಿ ಅರ್ಧ ವರ್ಷ ನಡೆದರೆ 2.75 ಬರುತ್ತದೆ. ಎರಡರ ಸರಾಸರಿ 2.625. ಸಮ ಮತ್ತು ಬೆಸ ಹೆಜ್ಜೆಗಳು ಎರಡು ಬೇರೆ ದಾರಿ ಹಿಡಿದು ಅತ್ತಿತ್ತ ಓಲಾಡುವುದನ್ನು ಈ ಸರಾಸರಿ ತಗ್ಗಿಸುತ್ತದೆ. ವಿಲಿಯಂ ಗ್ರ್ಯಾಗ್ 1965ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದರ ಬೆನ್ನಿಗಿದೆ.

ಹೆಜ್ಜೆಯನ್ನು ಅರ್ಧ ಮಾಡಿ ನಾಲ್ಕು ಹೆಜ್ಜೆಯಲ್ಲಿ ನಡೆದರೆ 2.691406, ಎಂಟರಲ್ಲಿ 2.711297. ಮೂರೂ ತಪ್ಪೇ. ಆದರೆ ಈ ತಪ್ಪಿಗೊಂದು ಕ್ರಮವಿದೆ: ನಿಯಮ ಮುಂದಕ್ಕೂ ಹಿಂದಕ್ಕೂ ಒಂದೇ ರೀತಿ ನಡೆಯುವುದರಿಂದ, ತಪ್ಪಿನಲ್ಲಿ ಹೆಜ್ಜೆಯ ಉದ್ದದ ವರ್ಗ, ನಾಲ್ಕನೆಯ ಘಾತ, ಆರನೆಯ ಘಾತ ಹೀಗೆ ಸಮಘಾತಗಳು ಮಾತ್ರ ಉಳಿಯುತ್ತವೆ. ಹೆಜ್ಜೆ ಅರ್ಧವಾದರೆ ತಪ್ಪು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ ಹಳೆಯ ಮತ್ತು ಹೊಸ ಉತ್ತರಗಳ ಅಂತರದ ಮೂರನೇ ಒಂದು ಪಾಲು ಇನ್ನೂ ಬಾಕಿ ಇದೆ ಎಂದಾಯಿತು. ಅದನ್ನು ಹೊಸ ಉತ್ತರಕ್ಕೆ ಸೇರಿಸಿದರೆ ಮೊದಲ ಜೋಡಿಯಿಂದ 2.713542, ಎರಡನೆಯದರಿಂದ 2.717927. ಇವೆರಡರಲ್ಲಿ ಉಳಿದ ತಪ್ಪು ನಾಲ್ಕನೆಯ ಘಾತದ್ದು, ಹದಿನಾರನೇ ಒಂದರಂತೆ ಇಳಿಯುವಂಥದ್ದು. ಆದ್ದರಿಂದ ಈ ಸಲ ಅಂತರದ ಹದಿನೈದನೇ ಒಂದು ಪಾಲು ಸೇರಿಸಬೇಕು: 2.718219. ತಪ್ಪು 0.007ರಿಂದ 0.00006ಕ್ಕೆ ಇಳಿಯಿತು. ವೇಗವನ್ನು ಲೆಕ್ಕಹಾಕಿದ್ದು ಒಟ್ಟು ಹದಿನೈದು ಸಲ. ಬರೀ ಹೆಜ್ಜೆ ಚಿಕ್ಕದು ಮಾಡುತ್ತಲೇ ಇಷ್ಟು ನಿಖರತೆ ಪಡೆಯಲು ಎಂಬತ್ತಕ್ಕೂ ಹೆಚ್ಚು ಹೆಜ್ಜೆಗಳು ಬೇಕಾಗುತ್ತಿದ್ದವು. ಲೂಯಿಸ್ ಫ್ರೈ ರಿಚರ್ಡ್‌ಸನ್ 1911ರಲ್ಲಿ ತೋರಿಸಿದ ಈ ಉಪಾಯ ನನಗೆ ಇಂದಿಗೂ ಸೋಜಿಗ.

ಅರ್ಧಿಸುವಿಕೆಯಲ್ಲಿ ಪ್ರತಿ ಸಲವೂ ಕೆಲಸ ಇಮ್ಮಡಿಯಾಗುತ್ತದೆ. ಬುಲಿರ್ಶ್ ಮತ್ತು ಸ್ಟೋಯರ್ 1966ರಲ್ಲಿ 2, 4, 6, 8, 12, 16 ಎಂಬಂತೆ ನಿಧಾನವಾಗಿ ಏರುವ ಸರಣಿಯನ್ನು ಬಳಸಿದ್ದು ಇದಕ್ಕೇ.

ಆದರೆ ಇದೆಲ್ಲ ನಡೆಯುವುದು ವೇಗ ನಯವಾಗಿ ಬದಲಾಗುವಾಗ ಮಾತ್ರ. ನಡುವೆ ಸ್ವಿಚ್ ಹಾಕಿದಂತೆ ವೇಗ ಜಿಗಿದರೆ ಸಮಘಾತಗಳ ಕ್ರಮವೇ ಕೆಡುತ್ತದೆ. ಅದನ್ನು ಹಿಡಿಯುವುದು ಸುಲಭ: ಒಂದರ ಹಿಂದೊಂದು ಬಂದ ಮೂಲ ಉತ್ತರಗಳ ಅಂತರಗಳನ್ನು ಭಾಗಿಸಿ ನೋಡಿ. ನಮ್ಮ ಲೆಕ್ಕದಲ್ಲಿ 0.0664ನ್ನು 0.0199ರಿಂದ ಭಾಗಿಸಿದರೆ 3.3, ಹೆಜ್ಜೆ ಚಿಕ್ಕದಾದಂತೆ ಅದು 4ರತ್ತ ಏರಬೇಕು. ಏರದೆ 2ರ ಆಸುಪಾಸಿನಲ್ಲೇ ಅಲೆದಾಡಿದರೆ ಮೂರನೇ ಒಂದು, ಹದಿನೈದನೇ ಒಂದು ಎಂದು ಸೇರಿಸುವುದಕ್ಕೆ ಆಧಾರವಿಲ್ಲ. ಆಗ ಜಿಗಿತದ ಕ್ಷಣವನ್ನು ಪತ್ತೆ ಮಾಡಿ, ಲೆಕ್ಕವನ್ನು ಅಲ್ಲಿಗೆ ನಿಲ್ಲಿಸಿ, ಅಲ್ಲಿಂದಲೇ ಹೊಸದಾಗಿ ಮೊದಲ ಹೆಜ್ಜೆ ಇಡಬೇಕು.