ಕತ್ತಲಲ್ಲಿ ಬಂದವರಿಗೆ ಒಂದು ಮೆಸೇಜು

ಮೂಡಿಗೆರೆ ಕಡೆಯ ನಮ್ಮ ಹೋಂಸ್ಟೇಗೆ ಒಂದು ಜುಲೈ ರಾತ್ರಿ ಬಂದ ಕುಟುಂಬವೊಂದು ಅರ್ಧ ಗಂಟೆ ಬಾಗಿಲ ಮುಂದೆ ಮಳೆಯಲ್ಲೇ ನಿಂತಿತ್ತು. ಲಾಕ್‌ಬಾಕ್ಸಿನ ನಂಬರು ನಾನು ಕಳಿಸಿದ್ದ ಚಿತ್ರದಲ್ಲಿತ್ತು. ಚಿತ್ರ ಅವರ ವಾಟ್ಸಾಪಿಗೆ ಬಂದಿತ್ತು, ಡೌನ್‌ಲೋಡ್ ಆಗಿರಲಿಲ್ಲ. ತೋಟದ ರಸ್ತೆಗೆ ತಿರುಗಿದ ಮೇಲೆ ನೆಟ್‌ವರ್ಕ್ ಎಲ್ಲಿಯದು? ತೆರೆದುಕೊಂಡ ಮೆಸೇಜಿನಲ್ಲಿದ್ದದ್ದು ನಮ್ಮಜ್ಜ ಕಾಫಿ ಗಿಡ ನೆಟ್ಟ ಕಥೆ.

ಆಮೇಲೆ ಮೆಸೇಜನ್ನು ಪೂರ್ತಿ ಬದಲಿಸಿದೆ. ಅಜ್ಜನ ಕಥೆ ಈಗ ಗೋಡೆಯ ಮೇಲಿದೆ. ಮೆಸೇಜು ಅತಿಥಿಯ ಹೆಜ್ಜೆಯ ಜೊತೆಗೇ ನಡೆಯುತ್ತದೆ: ಗೇಟು, ಬೀಗ, ದೀಪ, ಬಿಸಿನೀರು, ವೈಫೈ. ಗುರುತಿನ ಚೀಟಿ ಕೈಸೇರಿದ ಮೇಲೆ, ಅವರು ಮನೆಯಿಂದ ಹೊರಡುವ ಬೆಳಿಗ್ಗೆಯೇ ಬರೀ ಅಕ್ಷರದಲ್ಲಿ ಕಳಿಸಿ, ‘ಓದಿದೆ’ ಎಂಬ ಉತ್ತರಕ್ಕೆ ಕಾಯುತ್ತೇನೆ. ಫೋಟೋ ಇದ್ದರೆ ಚೆಂದ, ಆದರೆ ಫೋಟೋ ತೆರೆಯದಿದ್ದರೂ ಬಾಗಿಲು ತೆರೆಯಬೇಕು.

ಬೀಗದ ಭಾಗ ಹೀಗಿದೆ: “ಮುಂಬಾಗಿಲಿನ ಬಲಕ್ಕೆ, ಕರೆಂಟ್ ಮೀಟರಿನ ಕೆಳಗೆ ಕಪ್ಪು ಡಬ್ಬಿ ಇದೆ. ಮೇಲಿನ ರಬ್ಬರ್ ಹೊದಿಕೆ ತೆಗೆಯಿರಿ. ಟಾರ್ಚ್ ಹಾಕಿಕೊಂಡು ನಾಲ್ಕು ಗಾಲಿಗಳನ್ನು 4 7 1 9ಕ್ಕೆ ತಿರುಗಿಸಿ. ಅಂಕಿಗಳು ಗೆರೆಗೆ ಸರಿಯಾಗಿ ಕೂರಬೇಕು. ಪಕ್ಕದ ಗುಂಡಿಯನ್ನು ಕೆಳಕ್ಕೆ ಒತ್ತಿ ಹಿಡಿದೇ ಮುಚ್ಚಳ ಎಳೆಯಿರಿ. ಕೀ ತೆಗೆದುಕೊಂಡು ಡಬ್ಬಿ ಮುಚ್ಚಿ, ಅಂಕಿಗಳನ್ನು ಕಲಸಿಬಿಡಿ.”

ಗೆರೆಯ ಮಾತು ಯಾಕೆಂದರೆ, ‘ನಂಬರ್ ತಪ್ಪು’ ಎಂದು ಫೋನ್ ಮಾಡುವವರ ನಂಬರು ಹೆಚ್ಚಿನ ಸಲ ಸರಿಯೇ ಇರುತ್ತದೆ. ಯಾವುದೋ ಒಂದು ಗಾಲಿ ಎರಡು ಅಂಕಿಗಳ ನಡುವೆ ನಿಂತಿರುತ್ತದೆ. ಕಲಸುವುದನ್ನು ಮರೆತರಂತೂ ದಾರಿಹೋಕನೂ ಗುಂಡಿ ಒತ್ತಿ ಡಬ್ಬಿ ತೆರೆದಾನು. ಮಲೆನಾಡಿನ ಮಳೆಗೆ ಗಾಲಿಗಳು ಬಿಗಿಯಾಗುತ್ತವೆ, ಅದಕ್ಕೇ ಡಬ್ಬಿಯನ್ನು ಸೂರಿನ ಕೆಳಗೆ ಹಾಕಿಸಿದ್ದೇನೆ. ಇನ್ನೊಂದು ಕೀ ಪಕ್ಕದ ಲೈನ್‌ಮನೆಯಲ್ಲಿರುತ್ತದೆ. ಅದನ್ನೂ ಮೆಸೇಜಿನಲ್ಲೇ ಹೇಳುತ್ತೇನೆ.

ಒಳಗೆ ಬಂದವರು ಮೊದಲು ಕೇಳುವುದು ಬಿಸಿನೀರು. “ಗೀಸರ್ ಸ್ವಿಚ್ಚು ಬಚ್ಚಲುಮನೆಯ ಹೊರಗೆ, ಕೆಂಪು ಸ್ಟಿಕ್ಕರ್ ಇರುವುದು. ಹಾಕಿ 20 ನಿಮಿಷ ಕಾಯಿರಿ. ಗೀಸರಿನ ಮೇಲಿನ ದೀಪ ಆರಿದರೆ ನೀರು ಕಾದಿದೆ.” ನಮ್ಮದು 15 ಲೀಟರಿನದು, 2,000 ವ್ಯಾಟ್. ತಣ್ಣೀರು ಚೆನ್ನಾಗಿ ಕಾಯಲು ಅಷ್ಟು ಹೊತ್ತು ಬೇಕೇ ಬೇಕು. ಈ ಲೆಕ್ಕ ಹೇಳದಿದ್ದಾಗ ಐದು ನಿಮಿಷಕ್ಕೇ ನಲ್ಲಿ ತಿರುಗಿಸಿ ‘ಗೀಸರ್ ಕೆಟ್ಟಿದೆ’ ಎನ್ನುತ್ತಿದ್ದರು. ಒಬ್ಬರ ಸ್ನಾನ ಮುಗಿದ ಮೇಲೆ ಇನ್ನೊಬ್ಬರು ಮತ್ತೆ ಕಾಯಬೇಕೆಂದೂ ಬರೆಯಬೇಕು.

ಅದರ ಬೆನ್ನಿಗೇ ಕರೆಂಟಿನ ಮಾತು. “ಕರೆಂಟ್ ಹೋದರೆ ಇನ್ವರ್ಟರ್ ತಾನಾಗಿ ಬರುತ್ತದೆ. ದೀಪ, ಫ್ಯಾನು, ವೈಫೈ ನಡೆಯುತ್ತವೆ. ಗೀಸರ್, ಇಂಡಕ್ಷನ್ ಒಲೆ ನಡೆಯುವುದಿಲ್ಲ.” ಇಷ್ಟು ಬರೆಯದಿದ್ದರೆ ಕತ್ತಲಲ್ಲಿ ಎಂಸಿಬಿಗಳನ್ನೆಲ್ಲ ಮೇಲೆ ಕೆಳಗೆ ಮಾಡುವವರಿದ್ದಾರೆ. ಇಂಡಕ್ಷನ್ ಒಲೆಗೆ ಇನ್ನೊಂದು ಸಾಲು: “ಒಲೆಯ ಪಕ್ಕದಲ್ಲಿಟ್ಟ ಸ್ಟೀಲ್ ಪಾತ್ರೆಗಳನ್ನೇ ಬಳಸಿ.” ತಳಕ್ಕೆ ಅಯಸ್ಕಾಂತ ಅಂಟದ ಅಲ್ಯೂಮಿನಿಯಂ ಪಾತ್ರೆಯನ್ನಿಟ್ಟರೆ ಒಲೆ ಕೀಂಗುಟ್ಟಿ ಸುಮ್ಮನಾಗುತ್ತದೆ. ಫ್ರಿಜ್ಜು, ಟೀವಿಗೆ ಮೆಸೇಜು ಬೇಡ. ಅವುಗಳ ಮೇಲೊಂದು ಚೀಟಿ ಸಾಕು.

ವೈಫೈ ಪಾಸ್‌ವರ್ಡಿನಲ್ಲಿ ಸೊನ್ನೆಯನ್ನೂ O ಅಕ್ಷರವನ್ನೂ, ಒಂದನ್ನೂ ಚಿಕ್ಕ l ಅನ್ನೂ ಬಿಟ್ಟಿದ್ದೇನೆ. ಓದಿ ಒತ್ತುವಾಗ ಅವೇ ಎಡವಿಸುವುದು. ಟೇಬಲ್ ಮೇಲೆ ಕ್ಯೂಆರ್ ಚೀಟಿಯೂ ಇದೆ. ಮಾಡುವುದು ಸುಲಭ, ಯಾವುದೇ ಕ್ಯೂಆರ್ ಆ್ಯಪಿಗೆ ಈ ಸಾಲು ಕೊಟ್ಟರಾಯಿತು:

```
WIFI:T:WPA;S:KaapiTota;P:kaapi2468;;
```

ಕ್ಯಾಮೆರಾ ಹಿಡಿದರೆ ಫೋನು ತಾನಾಗಿ ಸೇರಿಕೊಳ್ಳುತ್ತದೆ. ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಹೆಸರು ತೋರಿಸಿದರೆ, ಮಲಗುವ ಕೋಣೆಗೆ 2.4ರದ್ದೇ ಹೇಳಿ. 5ರದ್ದು ವೇಗವಾದರೂ ನಮ್ಮ ಹಳೇ ಮನೆಯ ಮಣ್ಣಿನ ಗೋಡೆಯನ್ನು ದಾಟಲು ಒದ್ದಾಡುತ್ತದೆ.

ನೀವು ಎದುರಿಗಿಲ್ಲ ಎಂದ ಮಾತ್ರಕ್ಕೆ ಕಾನೂನು ಬಿಡುವುದಿಲ್ಲ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಮಾಹಿತಿ ಕೊಡಲೇಬೇಕು.

ಅತಿಥಿ ಹೊರಟ ದಿನವೇ ಲಾಕ್‌ಬಾಕ್ಸಿನ ನಂಬರ್ ಬದಲಿಸಿ. ನಮ್ಮದರಲ್ಲಿ ಮುಚ್ಚಳ ತೆರೆದರೆ ಒಳಗೊಂದು ಸಣ್ಣ ಕಡ್ಡಿ ಕಾಣುತ್ತದೆ. ಅದನ್ನು ಸರಿಸಿ, ಹೊಸ ಅಂಕಿ ಇಟ್ಟು, ಕಡ್ಡಿಯನ್ನು ಮೊದಲಿನ ಜಾಗಕ್ಕೆ ತಂದರೆ ಮುಗಿಯಿತು. ಆದರೆ ಕೀಯನ್ನು ಒಳಗಿಡುವ ಮೊದಲು ಖಾಲಿ ಡಬ್ಬಿಯನ್ನೇ ಒಮ್ಮೆ ಮುಚ್ಚಿ, ತೆರೆದು ನೋಡಿ.