ರಂಜಾನ್ ತಿಂಗಳಲ್ಲಿ ಗುಮಾಸ್ತನ ದಿನಚರಿ

ಅರಳಗುಪ್ಪೆಯಿಂದ ತಿಪಟೂರಿನ ಕಚೇರಿಗೆ ಹೋಗಿಬರುವ ಗುಮಾಸ್ತನೊಬ್ಬನು ರಂಜಾನ್ ಉಪವಾಸ ಹಿಡಿದಿದ್ದಾನೆಂದು ಭಾವಿಸೋಣ. 2025ರ ಮಾರ್ಚ್ 2ರಂದು ಉಪವಾಸ ಆರಂಭವಾದಾಗ ಇಲ್ಲಿ ಅರುಣೋದಯಕ್ಕೂ ಸೂರ್ಯಾಸ್ತಕ್ಕೂ ನಡುವೆ ಸುಮಾರು 13 ಗಂಟೆಗಳಿದ್ದವು. ಆರೋಗ್ಯವಂತನ ಯಕೃತ್ತು ತನ್ನಲ್ಲಿ ಕೂಡಿಟ್ಟ ಗ್ಲೈಕೋಜನ್ನಿನಿಂದ ಅಷ್ಟು ಹೊತ್ತು ರಕ್ತಕ್ಕೆ ಸಕ್ಕರೆಯನ್ನು ಒದಗಿಸಬಲ್ಲುದು. ಹಾಗಾದರೆ ಮಧ್ಯಾಹ್ನ ಲೆಕ್ಕದ ಮೊತ್ತ ತಪ್ಪುವುದೇಕೆ? ಬಹುಮಟ್ಟಿಗೆ ನಿದ್ದೆಗೇಡಿನಿಂದ.

ರಾತ್ರಿಯ ತರಾವೀಹ್ ಪ್ರಾರ್ಥನೆ ಮುಗಿಸಿ ಆತನು ಮಲಗುವಾಗ 10-30. ಸಹರಿಯ ಊಟಕ್ಕೆ ಏಳುವುದು 4-30ಕ್ಕೆ. ನಿದ್ದೆ ಆರೇ ಗಂಟೆ. ಬೆಳಗಿನ ನಮಾಜಿನ ಬಳಿಕ 6ರಿಂದ 7-15ರವರೆಗೆ ಮತ್ತೆ ಮಲಗಿದರೆ ಕೊರತೆ ಬಹುಪಾಲು ತುಂಬುತ್ತದೆ. ಕೂಡುವ ಕಳೆಯುವ ಕೆಲಸವನ್ನು ಮಧ್ಯಾಹ್ನ ಒಂದರೊಳಗೆ ಮುಗಿಸಿ, ಕಡತ ಜೋಡಿಸುವಂಥದನ್ನು ಆಮೇಲೆ ಇಟ್ಟುಕೊಳ್ಳುವುದು ಮೇಲು.

ಮೊದಲೆರಡು ದಿನಗಳ ತಲೆನೋವಿಗೆ ಎಲ್ಲರೂ ಹಸಿವನ್ನೇ ದೂರುತ್ತಾರೆ. ಪಾಪ, ಅನೇಕ ಸಲ ಅಪರಾಧಿ ಕಾಫಿ! ನಿತ್ಯ ಕುಡಿಯುವವನಿಗೆ ಕೆಫೀನ್ ನಿಂತ 12ರಿಂದ 24 ಗಂಟೆಗಳೊಳಗೆ ಈ ನೋವು ತೊಡಗುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವನು ಒಂದು ವಾರ ಮುಂಚಿತವಾಗಿ, ಎರಡು ದಿನಕ್ಕೊಂದು ಲೋಟದಂತೆ ಇಳಿಸುತ್ತ ಬಂದರೆ ನೋವು ಅಷ್ಟಾಗಿ ಕಾಡದು. ಆದರೆ ಆ ನಷ್ಟವನ್ನು ಸಂಜೆ ತುಂಬಿಕೊಳ್ಳಹೊರಟರೆ ಕೆಟ್ಟಿತು: ಕೆಫೀನಿನ ಅರ್ಧಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಏಳು ಗಂಟೆಯ ಕಾಫಿ ನಡುರಾತ್ರಿಗೂ ಅರ್ಧ ಉಳಿದಿರುತ್ತದೆ. ಇಫ್ತಾರಿಗೆ ನಮ್ಮ ಸೀಮೆಯ ಎಳನೀರೇ ಸಾಕಲ್ಲವೇ?

ಮಧುಮೇಹಕ್ಕೆ ಔಷಧ ಸೇವಿಸುವವನಿಗೆ ಈ ಲೆಕ್ಕ ಸಲ್ಲದು. ಆತನು ಮೊದಲೇ ವೈದ್ಯನನ್ನು ಕಾಣಬೇಕು. ಕೈನಡುಕ, ತಣ್ಣನೆಯ ಬೆವರು ಕಂಡೊಡನೆ ಉಪವಾಸ ಮುರಿಯಬೇಕು. ರೋಗಿಗೆ ಕುರಾನೇ ವಿನಾಯಿತಿ ಕೊಟ್ಟಿದೆ.