ಸ್ಲೈಡ್‌ಗಳ ರಾಶಿಯಿಂದ ಒಂದು ಪುಟದ ಪದಕೋಶ

ಆರೋಗ್ಯ ವಿಮೆ ಮಾರುವವರು ತೋರಿಸುವ ಸ್ಲೈಡ್‌ಗಳಲ್ಲಿ ಪುಟಕ್ಕೊಂದು ಹೊಸ ಪದ ಎದುರಾಗುತ್ತದೆ: ಡಿಡಕ್ಟಿಬಲ್, ಕೋ-ಪೇ, ಸಬ್-ಲಿಮಿಟ್, ವೇಟಿಂಗ್ ಪೀರಿಯಡ್, ಟಿಪಿಎ. ಕೇಳುವಾಗ ತಲೆಯಾಡಿಸುತ್ತೇವೆ. ಅರ್ಥವಾಗಿರಲಿಲ್ಲ ಎಂದು ತಿಳಿಯುವುದು ಆಸ್ಪತ್ರೆಯ ಬಿಲ್ ಕಟ್ಟುವಾಗ. ಸಹಿ ಹಾಕುವ ಮೊದಲೇ ಆ ಪದಗಳನ್ನೆಲ್ಲ ಒಂದು ಪುಟಕ್ಕೆ ಇಳಿಸಿಕೊಳ್ಳಬಹುದು.

ಮೊದಲು ಎಲ್ಲ ಸ್ಲೈಡ್ ಓದಿ, ಹೊಸ ಪದವನ್ನೂ ಅದರ ಸ್ಲೈಡ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಒಂದೇ ವಿಷಯಕ್ಕೆ ಎರಡು ಹೆಸರಿದ್ದರೆ ಒಟ್ಟುಗೂಡಿಸಿ. ಒಂದು ಕಡೆ ‘ಕೋ-ಪೇ’ ಎಂದಿದ್ದದ್ದು ಇನ್ನೊಂದು ಕಡೆ ‘ಕೋ-ಪೇಮೆಂಟ್’ ಆಗಿರುತ್ತದೆ.

ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಬೇಡಿ. ನಿಮಗೇಳುವ ಪ್ರಶ್ನೆಗಳೇ ವಿಭಾಗಗಳಾಗಲಿ: ವಿಮೆ ಯಾವಾಗಿನಿಂದ ಸಿಗುತ್ತದೆ? ನಾನೆಷ್ಟು ಕೊಡಬೇಕು? ಕಂಪನಿ ಎಷ್ಟರವರೆಗೆ ಕೊಡುತ್ತದೆ? ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು? ‘ಇತರೆ’ ಎಂಬ ವಿಭಾಗ ಬೆಳೆಯುತ್ತಾ ಹೋದರೆ ಯಾವುದೋ ಪ್ರಶ್ನೆ ಬಿಟ್ಟುಹೋಗಿದೆ ಎಂದರ್ಥ.

ಹೀಗೆ ಜೋಡಿಸಿದಾಗ ಗೊಂದಲದ ಪದಗಳು ಅಕ್ಕಪಕ್ಕ ಬಂದು ವ್ಯತ್ಯಾಸ ತಾನಾಗಿ ಕಾಣುತ್ತದೆ. ಡಿಡಕ್ಟಿಬಲ್ ಎಂದರೆ ಮೊದಲು ನೀವೇ ಕೊಡಬೇಕಾದ ನಿಗದಿತ ಮೊತ್ತ. ಅದಕ್ಕಿಂತ ಹೆಚ್ಚಾದದ್ದಕ್ಕೆ ಮಾತ್ರ ಕಂಪನಿ ಹೊಣೆ. ಕೋ-ಪೇ ಎಂದರೆ ಮಂಜೂರಾದ ಮೊತ್ತದಲ್ಲಿ ನಿಮ್ಮ ಶೇಕಡಾ ಪಾಲು. 40,000 ರೂಪಾಯಿ ಬಿಲ್ ಪೂರ್ತಿ ಮಂಜೂರಾಯಿತು ಎನ್ನೋಣ. ಡಿಡಕ್ಟಿಬಲ್ 20,000 ಇದ್ದರೆ ನಿಮ್ಮ ಜೇಬಿನಿಂದ 20,000. ಶೇ 20 ಕೋ-ಪೇ ಇದ್ದರೆ 8,000.

ವಿವರಣೆ ಒಂದೆರಡು ವಾಕ್ಯ ಮೀರದಿರಲಿ. ಯಾರು, ಯಾವಾಗ, ಎಷ್ಟು ಕೊಡುತ್ತಾರೆ ಎಂಬುದು ಅದರಲ್ಲಿರಲಿ. ‘ವೇಟಿಂಗ್ ಪೀರಿಯಡ್ ಎಂದರೆ ಪಿಇಡಿಗೆ ಅನ್ವಯಿಸುವ ಅವಧಿ’ ಎಂದರೆ ಒಂದು ಒಗಟಿಗೆ ಇನ್ನೊಂದು ಒಗಟು ಜೋಡಿಸಿದಂತೆ. ‘ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಹಣ ಸಿಗಲು ಕಾಯಬೇಕಾದ ಕಾಲ, 2024ರ ನಿಯಮದಂತೆ ಹೆಚ್ಚೆಂದರೆ 36 ತಿಂಗಳು’ ಎಂದು ಬರೆದರೆ ಯಾರಿಗಾದರೂ ತಿಳಿಯುತ್ತದೆ.

ಕೆಲವು ಪದಗಳಿಗೆ ಲೆಕ್ಕವನ್ನೇ ಮಾಡಿ ತೋರಿಸಬೇಕು. ಅನೇಕ ಪಾಲಿಸಿಗಳಲ್ಲಿರುವ ‘ಪ್ರಪೋರ್ಷನೇಟ್ ಡಿಡಕ್ಷನ್’ ಅಂಥದ್ದು. ಕೊಠಡಿ ಬಾಡಿಗೆಯ ಮಿತಿ ದಿನಕ್ಕೆ 5,000 ಇದ್ದು ನೀವು 10,000ದ ಕೊಠಡಿ ಹಿಡಿದರೆ, ಹೆಚ್ಚುವರಿ ಬಾಡಿಗೆ ಕೊಟ್ಟಲ್ಲಿಗೆ ಮುಗಿಯುವುದಿಲ್ಲ. ಕೊಠಡಿಯ ದರ್ಜೆಯಂತೆ ಏರುವ ವೈದ್ಯರ ಶುಲ್ಕದಂಥ ಖರ್ಚಿಗೂ ಅದೇ ಅನುಪಾತದ ಕಡಿತ ಬೀಳುತ್ತದೆ: 40,000 ಶುಲ್ಕಕ್ಕೆ 20,000 ಮಾತ್ರ ಸಿಗುತ್ತದೆ. ಔಷಧಿಯ ಬಿಲ್ಲಿಗೆ ಈ ಕಡಿತವಿಲ್ಲ.

ಬರೆದಾದ ಮೇಲೆ ಸ್ಲೈಡ್ ನೋಡದ ಮನೆಯವರೊಬ್ಬರಿಗೆ ಈ ಪುಟ ಕೊಟ್ಟು, ಒಂದು ಬಿಲ್ಲಿನ ಲೆಕ್ಕ ಹಾಕಲು ಹೇಳಿ. ಅವರು ತಡವರಿಸಿದ ಕಡೆಯಲ್ಲೇ ವಿವರಣೆ ತಿದ್ದಬೇಕು. ಕೊನೆಗೆ ಪ್ರತಿ ಪದದ ಮುಂದೆ ಪಾಲಿಸಿ ಪತ್ರದ ಪುಟಸಂಖ್ಯೆ ಬರೆದಿಡಿ. ವ್ಯಾಜ್ಯ ಬಂದರೆ ಲೆಕ್ಕಕ್ಕೆ ಬರುವುದು ಆ ಪತ್ರದ ಮಾತು. ಸ್ಲೈಡಿನದೂ ಅಲ್ಲ, ನಮ್ಮ ಪದಕೋಶದ್ದೂ ಅಲ್ಲ.